ಅನುಮಾಪನೆಯ ಪ್ರಾಯೋಗಿಕ ಪರೀಕ್ಷೆಗೆ ಅಂಕ ಕೊಡುವುದು ಹೇಗೆ

ಪ್ರಾಯೋಗಿಕ ಪರೀಕ್ಷೆಗಳು ಹತ್ತಿರವಾದಂತೆ ಹೊಸದಾಗಿ ಕೆಲಸಕ್ಕೆ ಸೇರಿದ ರಸಾಯನಶಾಸ್ತ್ರದ ಉಪನ್ಯಾಸಕರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಅಚ್ಚುಕಟ್ಟಾಗಿ ಪ್ರಯೋಗ ಮಾಡಿದ ವಿದ್ಯಾರ್ಥಿಯ ಉತ್ತರ ತಪ್ಪಿರುತ್ತದೆ, ಮೇಜನ್ನೆಲ್ಲ ಕೊಳೆ ಮಾಡಿ ಅವಸರದಲ್ಲಿ ಮುಗಿಸಿದವನ ಉತ್ತರ ಸರಿಯಾಗಿರುತ್ತದೆ. ಇಬ್ಬರಿಗೂ ನ್ಯಾಯವಾಗಿ ಅಂಕ ಕೊಡುವುದು ಹೇಗೆ? ಉತ್ತರ ಪತ್ರಿಕೆಯನ್ನು ಮಾತ್ರ ನೋಡಿದರೆ ಈ ಪ್ರಶ್ನೆಗೆ ಪರಿಹಾರವಿಲ್ಲ. ಪ್ರಯೋಗ ನಡೆಯುತ್ತಿರುವಾಗಲೇ ಏನನ್ನು, ಯಾವ ಗಳಿಗೆಯಲ್ಲಿ ನೋಡಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡಿದ್ದರೆ ಮಾತ್ರ ಪರಿಹಾರ ಸಿಗುತ್ತದೆ.

ವಿವರಣೆಗಾಗಿ ದ್ವಿತೀಯ ಪಿಯುಸಿಯ ಒಂದು ಪ್ರಯೋಗವನ್ನು ತೆಗೆದುಕೊಳ್ಳುತ್ತೇನೆ: ಸಾರತೆ ತಿಳಿದಿರುವ ಆಕ್ಸಾಲಿಕ್ ಆಮ್ಲವನ್ನು ಬಳಸಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣದ ಮೊಲಾರಿಟಿಯನ್ನು ಕಂಡುಹಿಡಿಯುವುದು. ಒಂದು ಲೀಟರ್ ದ್ರಾವಣದಲ್ಲಿ ವಸ್ತುವಿನ ಎಷ್ಟು ಮೋಲ್‌ಗಳಿವೆ ಎಂಬುದೇ ಮೊಲಾರಿಟಿ. ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಸೇರಿಸಿ, ಕ್ರಿಯೆ ಮುಗಿಯುವ ಕ್ಷಣದವರೆಗೆ ಎಷ್ಟು ಪರಿಮಾಣ ಬೇಕಾಯಿತೆಂದು ಅಳೆಯುವುದೇ ಅನುಮಾಪನೆ, ಅಂದರೆ ನಾವು ಲ್ಯಾಬಿನಲ್ಲಿ ಹೇಳುವ ಟೈಟ್ರೇಷನ್. ಇಲ್ಲಿ ಪರ್ಮ್ಯಾಂಗನೇಟಿನ ಬಣ್ಣವೇ ಸೂಚಕದ ಕೆಲಸ ಮಾಡುವುದರಿಂದ ಬೇರೆ ಸೂಚಕ ಬೇಕಿಲ್ಲ.

ಕೆಳಗಿನ ಅಂಕ ಹಂಚಿಕೆ ಕಾಲೇಜಿನೊಳಗೆ ನಡೆಸುವ ಪೂರ್ವಸಿದ್ಧತಾ ಪರೀಕ್ಷೆಗಾಗಿ ನಾನು ಬಳಸುವಂಥದ್ದು: ಪ್ರಯೋಗ ಕೌಶಲಕ್ಕೆ 8, ಸುರಕ್ಷತೆಗೆ 4, ದಾಖಲಿಸಿದ ಅಳತೆಗಳಿಗೆ 8, ಒಟ್ಟು 20. ವಾರ್ಷಿಕ ಪರೀಕ್ಷೆಯಲ್ಲಿ ಇಲಾಖೆಯ ಅಂಕ ಹಂಚಿಕೆಯೇ ಅಂತಿಮ. ಅದರೊಳಗೆ ನಿಮ್ಮ ವಿವೇಚನೆಗೆ ಬಿಟ್ಟ ಜಾಗದಲ್ಲಿ ಈ ವಿಧಾನವನ್ನು ಬಳಸಿಕೊಳ್ಳಬಹುದು.

ಹಂತ 1: ಆ ದಿನ ಬೆಳಿಗ್ಗೆ ನೀವೇ ಒಮ್ಮೆ ಟೈಟ್ರೇಷನ್ ಮಾಡಿ

ಪರ್ಮ್ಯಾಂಗನೇಟ್ ದ್ರಾವಣ ಇಟ್ಟಲ್ಲೇ ಇದ್ದರೂ ಅದರ ಸಾರತೆ ಬದಲಾಗುತ್ತದೆ. ನೀರಿನಲ್ಲಿರುವ ಸಾವಯವ ಕಲ್ಮಶ, ಧೂಳು, ಬೆಳಕು ಇವೆಲ್ಲ ಅದನ್ನು ನಿಧಾನವಾಗಿ ಮ್ಯಾಂಗನೀಸ್ ಡೈಆಕ್ಸೈಡಾಗಿ ಪರಿವರ್ತಿಸುತ್ತವೆ. ಹೀಗಾಗಿ ಹಿಂದಿನ ವಾರ ತಯಾರಿಸಿದ ದ್ರಾವಣದ ಬಾಟಲಿಯ ಚೀಟಿಯಲ್ಲಿರುವ ಸಂಖ್ಯೆಯನ್ನು ನಂಬಿ ವಿದ್ಯಾರ್ಥಿಗಳ ಉತ್ತರವನ್ನು ತೂಗುವುದು ತಪ್ಪಾಗುತ್ತದೆ.

ಆಕ್ಸಾಲಿಕ್ ಆಮ್ಲದ ವಿಷಯ ಬೇರೆ. ಅದರ ಹರಳುಗಳನ್ನು ನಿಖರವಾಗಿ ತೂಗಿ ನೇರವಾಗಿ ಪ್ರಮಾಣಿತ ದ್ರಾವಣ ತಯಾರಿಸಬಹುದು. ಎರಡು ಅಣು ನೀರು ಸೇರಿರುವ ಹರಳಿನ ಮೋಲಾರ್ ರಾಶಿ 126 ಆದ್ದರಿಂದ, 1.575 ಗ್ರಾಂ ತೂಗಿ 250 ಮಿ.ಲೀ. ದ್ರಾವಣ ಮಾಡಿದರೆ 0.05 M ಸಿಗುತ್ತದೆ. ಈ ದ್ರಾವಣವನ್ನು ಬಳಸಿ, ವಿದ್ಯಾರ್ಥಿಗಳಿಗೆ ಕೊಡುವ ಅದೇ ಪರ್ಮ್ಯಾಂಗನೇಟ್ ಬಾಟಲಿಯಿಂದ, ವಿದ್ಯಾರ್ಥಿಗಳು ಬಳಸುವಂಥದೇ 10 ಮಿ.ಲೀ. ಪಿಪೆಟ್ಟಿನಿಂದ ಅಳತೆ ತೆಗೆಯಿರಿ. ಬಾಟಲಿಗಳು ಒಂದಕ್ಕಿಂತ ಹೆಚ್ಚಿದ್ದರೆ ಎ, ಬಿ ಎಂದು ಗುರುತು ಹಾಕಿ, ಪ್ರತಿಯೊಂದಕ್ಕೂ ನಿಮ್ಮ ಅಳತೆಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಇನ್ನೊಬ್ಬ ಪರೀಕ್ಷಕರೂ ಒಮ್ಮೆ ಮಾಡಲಿ. ಮುಂದಿನ ಉದಾಹರಣೆಗಳಲ್ಲಿ ಎ ಬಾಟಲಿಯ ಪರೀಕ್ಷಕರ ಅಳತೆ 10.2 ಮಿ.ಲೀ. ಎಂದು ಇಟ್ಟುಕೊಳ್ಳೋಣ.

ಹಂತ 2: ಕಣ್ಣಿಗೆ ಕಾಣುವುದನ್ನು ಮಾತ್ರ ಹಾಳೆಯಲ್ಲಿ ಬರೆದುಕೊಳ್ಳಿ

‘ಪ್ರಯೋಗವನ್ನು ಚೆನ್ನಾಗಿ ಮಾಡಿದ್ದಾನೆ’ ಎಂಬ ಸಾಲು ವೀಕ್ಷಣಾ ಹಾಳೆಯಲ್ಲಿ ಇರಬಾರದು. ಅದು ಅಭಿಪ್ರಾಯವೇ ಹೊರತು ಕಂಡದ್ದಲ್ಲ. ಅದರ ಬದಲು ‘ಬ್ಯುರೆಟ್ಟನ್ನು ಪರ್ಮ್ಯಾಂಗನೇಟಿನಿಂದಲೇ ತೊಳೆದುಕೊಂಡ’, ‘ಓದುವ ಮೊದಲು ಆಲಿಕೆಯನ್ನು ತೆಗೆದ’ ಎಂಬಂತೆ, ಹೌದು ಅಥವಾ ಇಲ್ಲ ಎಂದು ಗುರುತು ಹಾಕಬಹುದಾದ ವಾಕ್ಯಗಳಿರಲಿ. ಕೌಶಲಕ್ಕೆ ಎಂಟು ವಾಕ್ಯ, ಸುರಕ್ಷತೆಗೆ ನಾಲ್ಕು, ಒಂದೊಂದಕ್ಕೆ ಒಂದು ಅಂಕ ಸಾಕು. ಇದಕ್ಕಿಂತ ಉದ್ದದ ಪಟ್ಟಿ ಮಾಡಿಕೊಂಡವರು ಪರೀಕ್ಷೆಯ ದಿನ ಹಾಳೆಯನ್ನು ನೋಡುತ್ತಾ ನಿಲ್ಲುತ್ತಾರೆ, ವಿದ್ಯಾರ್ಥಿಯನ್ನು ನೋಡುವುದಿಲ್ಲ.

ಹೌದು, ಇಲ್ಲ ಎಂಬ ಎರಡು ಕಲಂಗಳ ಪಕ್ಕದಲ್ಲಿ ‘ನೋಡಿಲ್ಲ’ ಎಂಬ ಮೂರನೆಯ ಕಲಂ ಇರಲೇಬೇಕು. ಒಂದು ತಂಡದಲ್ಲಿ ಹತ್ತು ಹನ್ನೆರಡು ಮಂದಿ ಇರುವಾಗ ಎಲ್ಲರ ಎಲ್ಲ ಚಲನೆಗಳನ್ನೂ ಯಾರೂ ನೋಡಲಾರರು. ನೋಡದೇ ಇದ್ದದ್ದಕ್ಕೆ ಅಂಕ ಕಳೆಯುವುದು ಎಷ್ಟು ತಪ್ಪೋ, ಮುಖಪರಿಚಯವಿರುವ ಜಾಣ ವಿದ್ಯಾರ್ಥಿ ಸರಿಯಾಗಿಯೇ ಮಾಡಿರುತ್ತಾನೆಂದು ಊಹಿಸಿ ಅಂಕ ಕೊಡುವುದೂ ಅಷ್ಟೇ ತಪ್ಪು. ಎರಡನೆಯ ತಪ್ಪೇ ನಮ್ಮಲ್ಲಿ ಹೆಚ್ಚು ನಡೆಯುವುದು.

ಹಂತ 3: ನೋಡಬೇಕಾದ ನಾಲ್ಕು ಗಳಿಗೆಗಳನ್ನು ನಿಗದಿ ಮಾಡಿ

ಒಂದು ಟೈಟ್ರೇಷನ್ನಿನಲ್ಲಿ ಪರೀಕ್ಷಕರು ನೋಡಲೇಬೇಕಾದ ಗಳಿಗೆಗಳು ನಾಲ್ಕು: ಬ್ಯುರೆಟ್ ತುಂಬಿಸಿ ಸಿದ್ಧ ಮಾಡಿಕೊಂಡದ್ದು, ಪಿಪೆಟ್ಟಿನಿಂದ ಆಮ್ಲ ತೆಗೆದದ್ದು, ಅಂತ್ಯಬಿಂದುವಿಗೆ ಹತ್ತಿರ ಬಂದಾಗಿನ ಕೆಲಸ, ಮತ್ತು ಕೊನೆಯ ಓದು. ಕ್ರಿಯೆ ಪೂರ್ಣಗೊಂಡದ್ದನ್ನು ಬಣ್ಣ ತೋರಿಸಿಕೊಡುವ ಕ್ಷಣವನ್ನು ಅಂತ್ಯಬಿಂದು ಎನ್ನುತ್ತೇವೆ.

ಮೊದಲನೆಯ ಮತ್ತು ನಾಲ್ಕನೆಯ ಗಳಿಗೆಯಲ್ಲಿ ವಿದ್ಯಾರ್ಥಿಯೇ ಕೈ ಎತ್ತಿ ನಿಮ್ಮನ್ನು ಕರೆಯಬೇಕೆಂದು ಪರೀಕ್ಷೆಯ ಆರಂಭದಲ್ಲೇ ಎಲ್ಲರಿಗೂ ಹೇಳಿ, ಕಪ್ಪು ಹಲಗೆಯ ಮೇಲೂ ಬರೆಯಿರಿ. ನಡುವಿನ ಎರಡನ್ನು ನೀವು ಓಡಾಡುತ್ತಾ ನೋಡಬೇಕು. ಟೈಟ್ರೇಷನ್ ಕನಿಷ್ಠ ಮೂರು ಬಾರಿ ನಡೆಯುವುದರಿಂದ ಮೊದಲ ಬಾರಿ ತಪ್ಪಿಹೋದದ್ದನ್ನು ಎರಡನೆಯ ಬಾರಿ ನೋಡಲು ಅವಕಾಶವಿರುತ್ತದೆ. ಮೂರೂ ಬಾರಿ ನೋಡಲಾಗದಿದ್ದರೆ ಆ ವಿದ್ಯಾರ್ಥಿಗೆ ‘ಒಮ್ಮೆ ಪಿಪೆಟ್ ಮಾಡಿ ತೋರಿಸಪ್ಪ’ ಎಂದರೆ ಒಂದು ನಿಮಿಷದ ಕೆಲಸ. ಹಾಗೆ ಕೇಳುವಾಗ ಧ್ವನಿಯಲ್ಲಿ ಅನುಮಾನ ಇರಬಾರದು. ಪರೀಕ್ಷಕರು ಪಕ್ಕಕ್ಕೆ ಬಂದು ನಿಂತರೇ ಕೈ ನಡುಗುವ ಮಕ್ಕಳು ಪ್ರತಿ ತಂಡದಲ್ಲೂ ಇರುತ್ತಾರೆ. ಕೈ ನಡುಗಿದ್ದಕ್ಕೆ ಅಂಕ ಕಳೆಯುವಂತಿಲ್ಲ.

ಹಂತ 4: ಕೌಶಲವನ್ನು ನೋಡುವಾಗ ಪರಿಣಾಮವನ್ನೂ ತಿಳಿದಿರಿ

ಯಾವ ತಪ್ಪಿನಿಂದ ಅಳತೆ ಯಾವ ಕಡೆಗೆ ವಾಲುತ್ತದೆ ಎಂಬುದು ಗೊತ್ತಿದ್ದರೆ ನಿಮ್ಮ ವೀಕ್ಷಣೆಗೂ ವಿದ್ಯಾರ್ಥಿಯ ದಾಖಲೆಗೂ ತಾಳೆ ನೋಡಲು ಸಾಧ್ಯವಾಗುತ್ತದೆ.

ತೊಳೆಯುವ ಕ್ರಮದಿಂದ ಆರಂಭಿಸಿ. ಬ್ಯುರೆಟ್ಟನ್ನು ನೀರಿನಿಂದ ತೊಳೆದ ಮೇಲೆ ಅದರಲ್ಲಿ ತುಂಬುವ ದ್ರಾವಣದಿಂದಲೇ ಒಮ್ಮೆ ತೊಳೆಯಬೇಕು, ಪಿಪೆಟ್ಟಿಗೂ ಹಾಗೆಯೇ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ ತೊಳೆಯಬೇಕು. ಫ್ಲಾಸ್ಕನ್ನೂ ಆಕ್ಸಾಲಿಕ್ ಆಮ್ಲದಿಂದ ತೊಳೆದರೆ ಗೋಡೆಗೆ ಅಂಟಿಕೊಂಡ ಆಮ್ಲ ಲೆಕ್ಕಕ್ಕೆ ಸಿಗದೆ ಒಳಗೆ ಸೇರುತ್ತದೆ, ಅಳತೆ ಹೆಚ್ಚಾಗುತ್ತದೆ. ನೀರಿನ ಪಸೆ ಉಳಿದ ಪಿಪೆಟ್ಟಿನಿಂದ ಅಳತೆ ಕಡಿಮೆಯಾಗುತ್ತದೆ. ಬ್ಯುರೆಟ್ಟಿನ ಮೂತಿಯಲ್ಲಿ ಗಾಳಿಯ ಗುಳ್ಳೆ ಉಳಿದಿದ್ದು ಟೈಟ್ರೇಷನ್ನಿನ ನಡುವೆ ಹೊರಬಂದರೆ, ಫ್ಲಾಸ್ಕಿಗೆ ಬೀಳದ ದ್ರಾವಣವೂ ಬಿದ್ದಂತೆ ಓದಿನಲ್ಲಿ ಸೇರಿಕೊಳ್ಳುತ್ತದೆ. ಪರ್ಮ್ಯಾಂಗನೇಟ್ ಕಡುಬಣ್ಣದ್ದಾದ್ದರಿಂದ ಮೂತಿಯನ್ನು ಬೆಳಕಿಗೆ ಹಿಡಿದು ನೋಡದಿದ್ದರೆ ಗುಳ್ಳೆ ಕಾಣುವುದಿಲ್ಲ. ಹಾಗೆ ಬಗ್ಗಿ ಮೂತಿಯನ್ನು ನೋಡಿದ ವಿದ್ಯಾರ್ಥಿಗೆ ಆ ಅಂಕವನ್ನು ಎರಡನೆಯ ಯೋಚನೆಯಿಲ್ಲದೆ ಕೊಡಿ.

ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬಾರದು. ತುದಿಯನ್ನು ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ ಬಿಡಬೇಕು. ಆ ಹನಿಯನ್ನು ಬಿಟ್ಟೇ ಪಿಪೆಟ್ಟಿನ ಗುರುತು ಹಾಕಿರುತ್ತಾರೆ.

ಬಿಸಿ ಮಾಡುವ ವಿಷಯದಲ್ಲಿ ಹೆಚ್ಚು ಗಮನ ಬೇಕು. ಆಕ್ಸಾಲಿಕ್ ಆಮ್ಲದೊಂದಿಗೆ ಪರ್ಮ್ಯಾಂಗನೇಟಿನ ಕ್ರಿಯೆ ಕೋಣೆಯ ಉಷ್ಣತೆಯಲ್ಲಿ ಬಹಳ ನಿಧಾನ. ಹೀಗಾಗಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿಕೊಳ್ಳಬೇಕು. ತಣ್ಣಗಿರುವಾಗಲೇ ಶುರು ಮಾಡಿದವರಿಗೆ ಮೊದಲ ಕೆಲವು ಹನಿಗಳ ಗುಲಾಬಿ ಬಣ್ಣ ಹಾಗೇ ಉಳಿದು, ಅದೇ ಅಂತ್ಯಬಿಂದು ಎನ್ನಿಸಿಬಿಡುತ್ತದೆ. ಸರಿಯಾಗಿ ಬಿಸಿ ಮಾಡಿದಾಗಲೂ ಮೊದಲ ಹನಿಯ ಬಣ್ಣ ಹೋಗಲು ತುಸು ಹೊತ್ತು ಹಿಡಿಯುತ್ತದೆ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನಸ್ ಅಯಾನುಗಳೇ ಮುಂದೆ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಇದನ್ನು ಅರಿತು ಮೊದಲ ಹನಿಗೆ ಕಾದು ನಿಂತವರು ಪ್ರಯೋಗವನ್ನು ಅರ್ಥ ಮಾಡಿಕೊಂಡವರು. ಸಲ್ಫ್ಯೂರಿಕ್ ಆಮ್ಲ ಕಡಿಮೆಯಾದರೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಫ್ಲಾಸ್ಕನ್ನು ಚೆಲ್ಲಿ ಹೊಸದಾಗಿ ಮಾಡಿದ ವಿದ್ಯಾರ್ಥಿಗೆ ಅಂಕ ಕಳೆಯುವ ಅಗತ್ಯವಿಲ್ಲ. ಕಂದು ಬಣ್ಣದಲ್ಲೇ ಮುಂದುವರಿಸಿ ಅಳತೆ ಬರೆದವರಿಗೆ ಕಳೆಯಬೇಕು.

ಅಂತ್ಯಬಿಂದುವಿನ ಹತ್ತಿರ ಹನಿಹನಿಯಾಗಿ ಬಿಡುತ್ತಾ ಫ್ಲಾಸ್ಕನ್ನು ತಿರುಗಿಸುತ್ತಿರಬೇಕು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಸಾಕು. ಗಾಢ ಗುಲಾಬಿ ಕಂಡರೆ ಮೀರಿ ಹೋಗಿದ್ದಾರೆಂದು ಅರ್ಥ.

ಇನ್ನು ಓದುವ ರೀತಿ. ಕೊಳವೆಯಲ್ಲಿ ದ್ರವದ ಮೇಲ್ಮೈ ಬಾಗಿ ನಿಲ್ಲುವುದನ್ನು ಮಿನಿಸ್ಕಸ್ ಎನ್ನುತ್ತೇವೆ. ಪರ್ಮ್ಯಾಂಗನೇಟಿನಲ್ಲಿ ಕೆಳಬಾಗು ಸ್ಪಷ್ಟವಾಗಿ ಕಾಣದ ಕಾರಣ ಮೇಲಂಚನ್ನು ಓದುವುದು ರೂಢಿ. ಒಬ್ಬ ವಿದ್ಯಾರ್ಥಿ ಕೆಳಬಾಗನ್ನೇ ಓದಿದನೆಂದು ಇಟ್ಟುಕೊಳ್ಳಿ. ಆರಂಭದಲ್ಲೂ ಕೊನೆಯಲ್ಲೂ ಹಾಗೇ ಓದಿದ್ದರೆ ವ್ಯತ್ಯಾಸದಲ್ಲಿ ಆ ದೋಷ ಕಳೆದುಹೋಗುತ್ತದೆ. ಅಂಥವನಿಗೆ ಕೌಶಲದಲ್ಲಿ ಒಂದು ಅಂಕ ಹೋಗಬಹುದು, ಅಳತೆಯ ನಿಖರತೆಯಲ್ಲಿ ಏನೂ ಹೋಗಬಾರದು. ಒಮ್ಮೆ ಮೇಲಂಚು, ಒಮ್ಮೆ ಕೆಳಬಾಗು ಓದುವುದೇ ನಿಜವಾದ ತಪ್ಪು. ಕಣ್ಣು ಗುರುತಿನ ಮಟ್ಟದಲ್ಲಿಲ್ಲದೆ ಮೇಲಿನಿಂದಲೋ ಕೆಳಗಿನಿಂದಲೋ ಓದಿದಾಗ ಬರುವ ಲಂಬನ ದೋಷವೂ ಇಂಥದೇ: ಬ್ಯುರೆಟ್ಟಿನ ಸೊನ್ನೆಯ ಗುರುತು ಎತ್ತರದಲ್ಲಿರುತ್ತದೆ, ಗಿಡ್ಡಗಿರುವವರು ಅದನ್ನು ಕೆಳಗಿನಿಂದ ನೋಡುತ್ತಾರೆ, ಆದರೆ ಕೊನೆಯ ಗುರುತು ಕಣ್ಣಿನ ನೇರಕ್ಕೆ ಬಂದಿರುತ್ತದೆ. ಸ್ಟ್ಯಾಂಡಿನಲ್ಲಿ ಬ್ಯುರೆಟ್ಟನ್ನು ಕೆಳಗಿಳಿಸಿಕೊಂಡು ಓದಿದವರನ್ನು ಗುರುತಿಸಿ.

ಹಂತ 5: ಸುರಕ್ಷತೆಯಲ್ಲಿ ಅಭ್ಯಾಸ ಬೇರೆ, ಅಪಾಯ ಬೇರೆ

ಸುರಕ್ಷತೆಯ ನಾಲ್ಕು ಅಂಕಗಳು ಅಭ್ಯಾಸಗಳಿಗೆ ಸಲ್ಲುವಂಥವು. ನಾನು ನೋಡುವುದು ಇವನ್ನು: ಪಿಪೆಟ್ಟನ್ನು ಬಾಯಿಂದ ಎಳೆಯದೆ ರಬ್ಬರ್ ಬಲ್ಬ್ ಬಳಸುವುದು, ಬಿಸಿ ಫ್ಲಾಸ್ಕನ್ನು ಮಡಿಸಿದ ಕಾಗದದಿಂದಲೋ ಬಟ್ಟೆಯಿಂದಲೋ ಕುತ್ತಿಗೆಯ ಬಳಿ ಹಿಡಿಯುವುದು, ಬಿಸಿ ಮಾಡಿದ ಮೇಲೆ ಬರ್ನರನ್ನು ಆರಿಸುವುದು ಅಥವಾ ಉರಿ ತಗ್ಗಿಸಿ ಪಕ್ಕಕ್ಕಿಡುವುದು, ಏಪ್ರನ್ ತೊಟ್ಟು, ಉದ್ದ ಕೂದಲನ್ನು ಹಿಂದಕ್ಕೆ ಕಟ್ಟಿ, ಆಮ್ಲ ಚೆಲ್ಲಿದರೆ ತಕ್ಷಣ ಹೇಳಿ ಒರೆಸುವುದು.

ಇವುಗಳಲ್ಲಿ ಮೊದಲನೆಯದೇ ತೂಕದ್ದು, ಏಕೆಂದರೆ ಆಕ್ಸಾಲಿಕ್ ಆಮ್ಲ ವಿಷಕಾರಿ. ಆದರೆ ಬಾಯಿಂದ ಪಿಪೆಟ್ ಮಾಡುವ ಅಭ್ಯಾಸವನ್ನು ಅನೇಕ ಕಡೆ ನಾವೇ ಕಲಿಸಿರುತ್ತೇವೆ, ಲ್ಯಾಬಿನಲ್ಲಿ ಬಲ್ಬುಗಳೇ ಇರುವುದಿಲ್ಲ. ಮೇಜಿನ ಮೇಲೆ ಬಲ್ಬ್ ಇಡದೆ, ಅದನ್ನು ಬಳಸಲಿಲ್ಲವೆಂದು ಅಂಕ ಕಳೆಯಲು ಯಾವ ಪರೀಕ್ಷಕರಿಗೂ ಅಧಿಕಾರವಿಲ್ಲ. ಇದನ್ನು ಹಿಂದಿನ ದಿನವೇ ಪರಿಶೀಲಿಸಿ, ಇಲ್ಲದಿದ್ದರೆ ಆ ಸಾಲನ್ನು ಹಾಳೆಯಿಂದ ತೆಗೆದು ಬೇರೊಂದನ್ನು ಸೇರಿಸಿ. ಪಿಪೆಟ್ ಮಾಡುವ ಕೆಲಸವನ್ನು ಪರೀಕ್ಷೆಗೆ ಮುಂಚೆ ಬಲ್ಬ್ ತರಿಸಿಯೇ ನಡೆಸುವುದು ಉತ್ತಮ.

ಕೈಗಾದ ಪರ್ಮ್ಯಾಂಗನೇಟ್ ಕಲೆ ಅಸುರಕ್ಷತೆಯ ಸಾಕ್ಷಿಯಲ್ಲ. ಆ ಕಲೆಯನ್ನು ಆಕ್ಸಾಲಿಕ್ ಆಮ್ಲ ಹಚ್ಚಿ ಉಜ್ಜಿ ತೆಗೆಯುವ ಜಾಣತನ ಮಾತ್ರ ಅಸುರಕ್ಷಿತ, ಮತ್ತು ವಿದ್ಯಾರ್ಥಿಗಳು ಅದನ್ನು ಬೇಗ ಕಲಿತಿರುತ್ತಾರೆ.

ನಿಜವಾದ ಅಪಾಯ ಕಂಡಾಗ, ಉದಾಹರಣೆಗೆ ಉರಿಯುವ ಬರ್ನರಿನ ಮೇಲೆ ದುಪಟ್ಟಾ ಇಳಿಬಿದ್ದಿದ್ದರೆ, ಪೆನ್ನು ಕೆಳಗಿಟ್ಟು ಮೊದಲು ತಡೆಯಿರಿ. ಮುಂದೇನಾಗುತ್ತದೆ ನೋಡಿ ಅಂಕ ಹಾಕೋಣ ಎಂದು ಕಾಯುವಂಥ ವಿಷಯ ಅದಲ್ಲ. ತಡೆದ ಮೇಲೆ ಆ ಸಾಲಿಗೆ ಸೊನ್ನೆ ಹಾಕಿ, ಉಳಿದ ಸಾಲುಗಳನ್ನು ಎಂದಿನಂತೆ ನೋಡಿ.

ಹಂತ 6: ಲೆಕ್ಕಕ್ಕೆ ಮುಂಚೆ ಓದುಗಳನ್ನು ಭದ್ರಪಡಿಸಿ

ಇಡೀ ವಿಧಾನದಲ್ಲಿ ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸಡಿಲವಾಗುತ್ತದೆ. ವಿದ್ಯಾರ್ಥಿ ಪ್ರತಿ ಓದನ್ನೂ ಪೆನ್ನಿನಿಂದ, ನೇರವಾಗಿ ಉತ್ತರ ಪತ್ರಿಕೆಯ ಕೋಷ್ಟಕದಲ್ಲೇ ಬರೆಯಬೇಕು. ಚೀಟಿಯಲ್ಲಿ ಬರೆದುಕೊಂಡು ಆಮೇಲೆ ನಕಲು ಮಾಡುವಂತಿಲ್ಲ. ತಪ್ಪಿದ ಓದನ್ನು ಒಂದೇ ಗೆರೆ ಎಳೆದು ಹೊಡೆಯಬೇಕು, ಕೆಳಗಿನ ಅಂಕಿ ಓದಲು ಬರುವಂತಿರಬೇಕು. ಕೊನೆಯ ಟೈಟ್ರೇಷನ್ ಮುಗಿದಾಗ ಬ್ಯುರೆಟ್ಟನ್ನು ಖಾಲಿ ಮಾಡದೆ ಕೈ ಎತ್ತಬೇಕು. ನೀವು ಹೋಗಿ ಬ್ಯುರೆಟ್ಟಿನಲ್ಲಿರುವ ಮಟ್ಟವನ್ನೂ ಕೋಷ್ಟಕದ ಕೊನೆಯ ಸಾಲನ್ನೂ ತಾಳೆ ನೋಡಿ, ಕೋಷ್ಟಕದ ಕೆಳಗೆ ಸಹಿ ಹಾಕಬೇಕು. ಲೆಕ್ಕ ಆಮೇಲೆ.

ಬ್ಯುರೆಟ್ಟಿನ ಕನಿಷ್ಠ ಅಳತೆ 0.1 ಮಿ.ಲೀ. ಆದ್ದರಿಂದ ಎಲ್ಲ ಓದುಗಳೂ ಒಂದು ದಶಾಂಶ ಸ್ಥಾನದವರೆಗೆ ಇರಬೇಕು. ಒಂದು ಸಾಲಿನಲ್ಲಿ 10, ಇನ್ನೊಂದರಲ್ಲಿ 10.2, ಮತ್ತೊಂದರಲ್ಲಿ 10.25 ಎಂದಿದ್ದರೆ ಅಳತೆಯ ಉಪಕರಣದ ಮಿತಿ ತಿಳಿದಿಲ್ಲವೆಂದು ಅರ್ಥ. ಅಳತೆಗಳ ಎಂಟು ಅಂಕಗಳಲ್ಲಿ ಮೂರನ್ನು ಹೀಗೆ ದಾಖಲಿಸುವ ರೀತಿಗೆ ಕೊಡಿ, ಮೂರನ್ನು ನಿಖರತೆಗೆ, ಎರಡನ್ನು ಲೆಕ್ಕಕ್ಕೆ.

ಹಂತ 7: ನಿಖರತೆಗೆ ಅಂಕ ಹಾಕಿ, ಒಂದು ತಪ್ಪಿಗೆ ಲೆಕ್ಕದಲ್ಲಿ ಮತ್ತೆ ದಂಡ ಹಾಕಬೇಡಿ

ಬ್ಯುರೆಟ್ಟಿನ ಪ್ರತಿ ಓದಿನಲ್ಲಿ 0.05ರಷ್ಟು ಅನಿಶ್ಚಿತತೆ ಸಹಜ, ಒಂದು ಅಳತೆಯಲ್ಲಿ ಎರಡು ಓದುಗಳಿರುತ್ತವೆ, ಒಂದು ಹನಿಯೇ ಸುಮಾರು 0.05 ಮಿ.ಲೀ. ಇರುತ್ತದೆ. ಈ ಕಾರಣಕ್ಕೆ ಪರೀಕ್ಷಕರ ಅಳತೆಯಿಂದ 0.2ರವರೆಗಿನ ವ್ಯತ್ಯಾಸಕ್ಕೆ ಪೂರ್ಣ 3 ಅಂಕ, 0.4ರವರೆಗೆ 2, 0.6ರವರೆಗೆ 1 ಕೊಡುತ್ತೇನೆ. 0.1ಕ್ಕೇ ಅಂಕ ಕಳೆಯುವುದೆಂದರೆ ವಿದ್ಯಾರ್ಥಿಯ ತಪ್ಪಿಗಲ್ಲ, ಗಾಜಿನ ಮಿತಿಗೆ ದಂಡ ಹಾಕಿದಂತೆ.

ಪರೀಕ್ಷಕರ ಅಳತೆ 10.2 ಇರುವಾಗ ಲೆಕ್ಕ ಹೀಗೆ ಬರುತ್ತದೆ:

```
2KMnO4 + 3H2SO4 + 5H2C2O4 → K2SO4 + 2MnSO4 + 8H2O + 10CO2
M = (2 × 0.05 × 10.0) / (5 × 10.2) = 0.0196
```

ಈಗ ಮೂವರು ವಿದ್ಯಾರ್ಥಿಗಳನ್ನು ನೋಡೋಣ.

ಮೊದಲನೆಯವಳ ಅಳತೆಗಳು 10.5, 10.6, 10.6. ಫ್ಲಾಸ್ಕನ್ನು ಆಕ್ಸಾಲಿಕ್ ಆಮ್ಲದಿಂದ ತೊಳೆದದ್ದನ್ನು ನೀವು ಕಂಡಿದ್ದೀರಿ, ಅಳತೆ ಹೆಚ್ಚಾಗಿರುವುದೂ ಅದಕ್ಕೆ ಹೊಂದುತ್ತದೆ. ತೊಳೆಯುವ ಕ್ರಮಕ್ಕೆ ಕೌಶಲದಲ್ಲಿ ಒಂದು ಅಂಕ ಹೋಯಿತು, 0.4 ವ್ಯತ್ಯಾಸಕ್ಕೆ ನಿಖರತೆಯಲ್ಲಿ ಒಂದು ಹೋಯಿತು. ಆದರೆ ಅವಳು 10.6ನ್ನು ಹಾಕಿ ಸರಿಯಾಗಿ ಲೆಕ್ಕ ಮಾಡಿ 0.0189 ಎಂದು ಬರೆದಿದ್ದರೆ ಲೆಕ್ಕದ ಎರಡೂ ಅಂಕ ಅವಳಿಗೆ ಸಿಗಬೇಕು. ಅಂತಿಮ ಉತ್ತರ 0.0196 ಆಗಿಲ್ಲವೆಂದು ಅಲ್ಲಿಯೂ ಕಳೆದರೆ ಒಂದೇ ತಪ್ಪಿಗೆ ಮೂರನೆಯ ಬಾರಿ ದಂಡ ಹಾಕಿದಂತಾಗುತ್ತದೆ. ಮೌಲ್ಯಮಾಪನದಲ್ಲಿ ನಾನು ಅತಿ ಹೆಚ್ಚು ಕಾಣುವ ಅನ್ಯಾಯ ಇದು.

ಎರಡನೆಯವನ ಕೋಷ್ಟಕ ಮುತ್ತಿನಂತಿದೆ: ಮೂರು ಸಾಲೂ 0.0ಯಿಂದ ಆರಂಭ, ಮೂರರಲ್ಲೂ 10.2. ಆದರೆ ಬ್ಯುರೆಟ್ಟಿನಲ್ಲಿ ದ್ರವ 31.4ರ ಗುರುತಿನಲ್ಲಿ ನಿಂತಿದೆ. ಪ್ರತಿ ಸಲ ಸೊನ್ನೆಗೆ ತುಂಬಿಸಿದ್ದರೆ ಮಟ್ಟ 10.2ರಲ್ಲಿ ಇರಬೇಕಿತ್ತು. ಅಂದರೆ ಒಮ್ಮೆ ತುಂಬಿಸಿ ಮೂರು ಬಾರಿ ಮಾಡಿದ್ದಾನೆ, ಸರಾಸರಿ 10.5ರ ಹತ್ತಿರ ಬಂದಿದೆ, ಪಕ್ಕದವರಿಂದ ತಿಳಿದ ಸಂಖ್ಯೆಯನ್ನು ಕೋಷ್ಟಕಕ್ಕೆ ಹೊಂದಿಸಿದ್ದಾನೆ ಎನ್ನಿಸುತ್ತದೆ. ಇಲ್ಲಿ ಗದರಿಸುವ ಅಗತ್ಯವಿಲ್ಲ, ತೀರ್ಮಾನಕ್ಕೆ ಧಾವಿಸುವ ಅಗತ್ಯವೂ ಇಲ್ಲ. ಮುಗಿದ ಮೇಲೆ ಮತ್ತೊಮ್ಮೆ ಮಾಡಿ ನೋಡಿದ್ದರೆ ಅದನ್ನೂ ಬರೆಯಬೇಕಿತ್ತಷ್ಟೇ. ಎದುರಿಗೇ ಒಂದು ಟೈಟ್ರೇಷನ್ ಮಾಡಿಸಿ, ಆ ಅಳತೆಯನ್ನು ಇಬ್ಬರೂ ಓದಿ, ಕೋಷ್ಟಕದಲ್ಲಿ ಹೊಸ ಸಾಲಾಗಿ ಬರೆಸಿ ಸಹಿ ಹಾಕಿ. ನಿಖರತೆಯ ಅಂಕ ಆ ಸಾಲಿಗೆ. ದಾಖಲೆಯ ಮೂರು ಅಂಕಗಳು ಮಾತ್ರ ಉಳಿಯುವುದಿಲ್ಲ.

ಮೂರನೆಯವಳ ಮೊದಲ ಅಳತೆ 10.8, ಬಣ್ಣ ಗಾಢವಾಯಿತೆಂದು ಪಕ್ಕದಲ್ಲಿ ಬರೆದು ಒಂದು ಗೆರೆ ಎಳೆದಿದ್ದಾಳೆ. ಮುಂದಿನವು 10.3, 10.3. ಅವಳಿಗೆ ದಾಖಲೆಯಲ್ಲಿ ಪೂರ್ಣ ಅಂಕ, ನಿಖರತೆಯಲ್ಲೂ ಪೂರ್ಣ. ಹೊಡೆದುಹಾಕಿದ ಸಾಲು ಕಂಡ ಕೂಡಲೇ ಅಂದಗೆಟ್ಟಿತೆಂದು ಅರ್ಧ ಅಂಕ ಕಳೆಯುವ ಪರೀಕ್ಷಕರಿದ್ದಾರೆ. ಅಂಥವರ ಬಳಿ ಕಲಿತ ಮಕ್ಕಳೇ ಎರಡನೆಯವನ ಹಾಗೆ ಮುತ್ತಿನಂಥ ಕೋಷ್ಟಕ ಬರೆಯುವುದು.

ಹಂತ 8: ಅಂಕಪಟ್ಟಿ ಕಳಿಸುವ ಮುಂಚೆ ತಂಡವನ್ನು ಒಟ್ಟಾಗಿ ನೋಡಿ

ತಂಡ ಮುಗಿದ ಕೂಡಲೇ ಇಬ್ಬರು ಪರೀಕ್ಷಕರೂ ಹಾಳೆಗಳನ್ನು ಎದುರುಬದುರು ಇಟ್ಟು, ಒಬ್ಬರು ಹೌದು ಎಂದು ಇನ್ನೊಬ್ಬರು ಇಲ್ಲ ಎಂದ ಸಾಲುಗಳನ್ನು ಮಾತ್ರ ಚರ್ಚಿಸಿ. ಮರುದಿನಕ್ಕೆ ಇಟ್ಟರೆ ಕಂಡದ್ದು ಮರೆತು ಹೆಸರು ಮಾತ್ರ ನೆನಪಿರುತ್ತದೆ.

ಆಮೇಲೆ ಅಳತೆಗಳನ್ನು ಬಾಟಲಿಯ ಗುರುತಿನ ಪ್ರಕಾರ ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ತಪ್ಪುಗಳು ವಿದ್ಯಾರ್ಥಿಗಳದ್ದಾದರೆ ಕೆಲವು ಹೆಚ್ಚಾಗಿ, ಕೆಲವು ಕಡಿಮೆಯಾಗಿ ಚದುರಿರುತ್ತವೆ. ಬಿ ಬಾಟಲಿ ಬಳಸಿದವರೆಲ್ಲರ ಅಳತೆಯೂ ನಿಮ್ಮದಕ್ಕಿಂತ 0.4ರಷ್ಟು ಹೆಚ್ಚಾಗಿದ್ದರೆ ದೋಷ ದ್ರಾವಣದ್ದೋ ನಿಮ್ಮ ಅಳತೆಯದ್ದೋ ಇರಬೇಕು. ಈ ಕಾರಣಕ್ಕೇ ಉಳಿದ ದ್ರಾವಣವನ್ನು ಅಂಕ ನಮೂದಾಗುವವರೆಗೆ ಚೆಲ್ಲಬಾರದೆಂದು ಲ್ಯಾಬ್ ಸಹಾಯಕರಿಗೆ ಬೆಳಿಗ್ಗೆಯೇ ಹೇಳಿರಬೇಕು. ಬಿ ಬಾಟಲಿಯನ್ನು ಇನ್ನೊಬ್ಬ ಪರೀಕ್ಷಕರಿಂದ ಮತ್ತೆ ಟೈಟ್ರೇಟ್ ಮಾಡಿಸಿ, ಬಂದ ಹೊಸ ಅಳತೆಯನ್ನು ಆಧಾರವಾಗಿಟ್ಟು ಆ ಬಾಟಲಿಯ ಎಲ್ಲರ ನಿಖರತೆಯ ಅಂಕವನ್ನೂ ಮರುಲೆಕ್ಕ ಹಾಕಿ. ಅವರ ಕೌಶಲ ಮತ್ತು ಸುರಕ್ಷತೆಯ ಅಂಕಗಳನ್ನು ಮುಟ್ಟಬೇಡಿ.